ನಾಲ್ಕು ಸಾಲಿನ ಸಂದೇಶ, 60 ದಿನದ ಕೆಲಸ: ಟ್ರ್ಯಾಕ್ಟರ್ ಡ್ರೈವರ್‌ನನ್ನು ಕರೆದ ಒಂದು ಪ್ರಕರಣ

ಬಿತ್ತನೆಗೆ ತಿಂಗಳಿರುವಾಗ ಜಮೀನಿನ ಯಜಮಾನರೊಬ್ಬರು ಫೋನಿನಲ್ಲಿ ಹತ್ತಾರು ಜನಕ್ಕೆ ಕಳಿಸಿದ ಸಂದೇಶ ಇಷ್ಟು:

"ಟ್ರ್ಯಾಕ್ಟರ್ ಡ್ರೈವರ್ ಅಥವಾ ಸೂಪರ್‌ವೈಸರ್ ಬೇಕಾಗಿದ್ದಾರೆ. ಸೀಸನ್ ಕೆಲಸ. ಒಳ್ಳೆಯ ಸಂಬಳ, ಇರಲು ಮನೆ ಕೊಡಲಾಗುವುದು. ಅನುಭವ ಇದ್ದವರು ಕೂಡಲೇ ಫೋನ್ ಮಾಡಿ."

ಇಂಥ ಸಂದೇಶದಿಂದ ಏನೇನಾಗುತ್ತದೆ ಎಂಬುದನ್ನು ಒಂದು ಮಾದರಿ ಜಮೀನಿನ ಮೇಲಿಟ್ಟು ನೋಡೋಣ. ಮಳೆ ನಂಬಿದ 60 ಎಕರೆ, 50 ಅಶ್ವಶಕ್ತಿಯ ಒಂದೇ ಟ್ರ್ಯಾಕ್ಟರ್, ಜೊತೆಗೆ ಒಂಬತ್ತು ಹಲ್ಲಿನ ಕಲ್ಟಿವೇಟರ್, ತಿರುಗುವ ಬ್ಲೇಡುಗಳಿಂದ ಮಣ್ಣು ಪುಡಿ ಮಾಡುವ ಒಂದೂವರೆ ಮೀಟರ್ ಅಗಲದ ರೋಟಾವೇಟರ್, ಬೀಜ-ಗೊಬ್ಬರ ಒಟ್ಟಿಗೆ ಹಾಕುವ ಕೂರಿಗೆ, ಒಂದು ಟ್ರೈಲರ್. ದುಡ್ಡಿನ ಮೊತ್ತ ಜಾಗದಿಂದ ಜಾಗಕ್ಕೆ ಬೇರೆಯಾದ್ದರಿಂದ ಲೆಕ್ಕವನ್ನೆಲ್ಲ 'ದಿನಗೂಲಿ'ಯಲ್ಲೇ ಹಾಕಿದೆ. ಓದುವವರು ತಮ್ಮ ಅಂಕಿ ಸೇರಿಸಿಕೊಳ್ಳಬಹುದು.

ಸಂದೇಶ ನೋಡಿ ಬಂದವರು ಮೂವರು. ಮೊದಲನೆಯವನು ಟ್ರೈಲರ್ ಎಳೆಯುವುದರಲ್ಲಿ ನುರಿತವನು. ಲೋಡ್ ತುಂಬಿಕೊಂಡು ಇಕ್ಕಟ್ಟಿನ ದಾರಿಯಲ್ಲಿ ಹಿಂದಕ್ಕೆ ತೆಗೆದುಕೊಂಡು ಹೋಗಬಲ್ಲ, ಆದರೆ ಕೂರಿಗೆಯ ಬೀಜದ ಅಳತೆಯನ್ನು ಎಂದೂ ಕೂಡಿಸಿದವನಲ್ಲ. 'ಅನುಭವ' ಎಂದು ಕೇಳಿದ್ದರು, ಅನುಭವ ಇತ್ತು. ನಾಲ್ಕೇ ದಿನಕ್ಕೆ ಇಬ್ಬರಿಗೂ ಸಾಕಾಯಿತು. ಎರಡನೆಯವನು ಕೆಲಸ ಬಲ್ಲವನು. 19ನೇ ದಿನ, ಕೆಲಸ ಅರ್ಧವೂ ಆಗದಿದ್ದಾಗ, ಬಿಟ್ಟು ಹೋದ. ಮೂರನೆಯವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗಂಟುಮೂಟೆ ಸಮೇತ ಬಂದಿಳಿದ. ಯಜಮಾನರು 'ಮನೆ' ಎಂದದ್ದು ಶೆಡ್ಡಿನ ಪಕ್ಕದ ಒಂದು ಕೋಣೆಯನ್ನು.

ಮೂವರಲ್ಲಿ ಯಾರೂ ಕೆಟ್ಟವರಲ್ಲ. ಸಂದೇಶದ ಒಂದೊಂದು ಪದವೂ ಅವರವರಿಗೆ ಒಂದೊಂದು ಅರ್ಥ ಕೊಟ್ಟಿತು, ಅಷ್ಟೆ. ಇವುಗಳಲ್ಲಿ ಎರಡನೆಯ ಪ್ರಸಂಗವೇ ದುಬಾರಿಯಾದ್ದರಿಂದ ಅಲ್ಲಿಂದಲೇ ಹಿಡಿಯೋಣ.

ಸೀಸನ್ ಎಂದರೆ ಎಷ್ಟು ದಿನ

ಯಜಮಾನರ ಮನಸ್ಸಿನಲ್ಲಿ ಸೀಸನ್ ಎಂದರೆ ಬಿತ್ತನೆ ಮುಗಿಯುವವರೆಗೆ. ಡ್ರೈವರ್‌ನ ಮನಸ್ಸಿನಲ್ಲಿ ಅದು ಎರಡು ತಿಂಗಳೂ ಆಗಬಹುದು, ಕಟಾವಿನವರೆಗೆ ಐದು ತಿಂಗಳೂ ಆಗಬಹುದು. ಈ ಲೆಕ್ಕವನ್ನು ಊಹೆಗೆ ಬಿಡಬೇಕಾಗಿಲ್ಲ, ಉಪಕರಣದ ಅಗಲ ಮತ್ತು ಓಟದ ವೇಗ ಗೊತ್ತಿದ್ದರೆ ಕಾಗದದ ಮೇಲೆ ತೆಗೆಯಬಹುದು. ಅಗಲವನ್ನು ವೇಗದಿಂದ ಗುಣಿಸಿದರೆ ಗಂಟೆಗೆ ಎಷ್ಟು ನೆಲ ಮುಗಿಯುತ್ತದೆ ಎಂದು ಸಿಗುತ್ತದೆ. ಆದರೆ ಬದುವಿನಲ್ಲಿ ತಿರುಗಿಸುವುದು, ಸಾಲಿನ ಮೇಲೆ ಸಾಲು ಸ್ವಲ್ಪ ಹತ್ತುವುದು, ಬೀಜ ತುಂಬಲು ನಿಲ್ಲುವುದು ಎಲ್ಲ ಸೇರಿ ಅದರಲ್ಲಿ ಒಂದು ಭಾಗ ಹೋಗುತ್ತದೆ. ಉಳುಮೆಯ ಉಪಕರಣಗಳಿಗೆ ನೂರಕ್ಕೆ 80, ಕೂರಿಗೆಗೆ ನೂರಕ್ಕೆ 65 ಹಿಡಿದರೆ ವಾಸ್ತವಕ್ಕೆ ಹತ್ತಿರ ಬರುತ್ತದೆ.

ಈ ಜಮೀನಿನ ಕಲ್ಟಿವೇಟರ್ ಅಗಲ 2 ಮೀಟರ್, ವೇಗ ಗಂಟೆಗೆ 6 ಕಿಲೋಮೀಟರ್. ನೂರಕ್ಕೆ 80ರಂತೆ ಗಂಟೆಗೆ ಸುಮಾರು 2.4 ಎಕರೆ. ಎರಡು ಸಲ ಹೊಡೆಯಬೇಕು, ಅಂದರೆ 120 ಎಕರೆಯಷ್ಟು ಓಟ: 50 ಗಂಟೆ. ರೋಟಾವೇಟರ್ ಗಂಟೆಗೆ ಮೂರೂವರೆ ಕಿಲೋಮೀಟರ್ ವೇಗದಲ್ಲಿ ಗಂಟೆಗೊಂದು ಎಕರೆ ಮಾಡುತ್ತದೆ: 60 ಗಂಟೆ. ಕೂರಿಗೆ 2 ಮೀಟರ್ ಅಗಲ, ವೇಗ 4 ಕಿಲೋಮೀಟರ್, ಗಂಟೆಗೆ 1.3 ಎಕರೆಯ ಆಸುಪಾಸು: 47 ಗಂಟೆ. ಮೊದಲಿಗೆ ಗೊಬ್ಬರ ಸಾಗಿಸುವ 60 ಲೋಡು, ಲೋಡಿಗೊಂದು ಗಂಟೆ: ಇನ್ನೊಂದು 60. ಒಟ್ಟು 217. ರಿಪೇರಿ, ಮೂಲೆಮುಡುಕು, ಎರಡನೇ ಸಲ ಬಿತ್ತಬೇಕಾದ ತುಂಡುಗಳಿಗೆಂದು ಸ್ವಲ್ಪ ಸೇರಿಸಿ 240 ಗಂಟೆ ಎನ್ನೋಣ.

ಇಲ್ಲೊಂದು ಎಡವುವ ಜಾಗ ಇದೆ. 240ನ್ನು ಎಂಟರಿಂದ ಭಾಗಿಸಿ 30 ದಿನ ಎನ್ನುವವರೇ ಹೆಚ್ಚು. ಡ್ರೈವರ್ ಒಂಬತ್ತು ಗಂಟೆ ಜಮೀನಿನಲ್ಲಿದ್ದರೂ ಟ್ರ್ಯಾಕ್ಟರ್ ಹೊಲದಲ್ಲಿ ಓಡುವುದು ಆರು ಗಂಟೆ. ಬೆಳಿಗ್ಗೆ ಆಯಿಲ್, ನೀರು, ಗಾಳಿ ನೋಡಿ ಗ್ರೀಸ್ ಹೊಡೆಯಲು ಮುಕ್ಕಾಲು ಗಂಟೆ ಹೋಗುತ್ತದೆ. ಉಪಕರಣ ಬದಲಿಸುವುದು, ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗುವುದು, ಹಲ್ಲಿಗೆ ಸಿಕ್ಕ ಕಸ ಬಿಡಿಸುವುದು, ಊಟ ಎಲ್ಲ ಉಳಿದದ್ದನ್ನು ತಿನ್ನುತ್ತವೆ. ಆರರಿಂದ ಭಾಗಿಸಿದರೆ 40 ಕೆಲಸದ ದಿನ. ಮಳೆಗಾಲದ ಮೊದಲ ಭಾಗದಲ್ಲಿ ಮೂರು ದಿನಕ್ಕೆ ಎರಡು ದಿನ ನೆಲ ಹದಕ್ಕೆ ಸಿಕ್ಕರೆ ಪುಣ್ಯ. ಹಾಗಾಗಿ 40 ಕೆಲಸದ ದಿನ ಮುಗಿಯಲು ಕ್ಯಾಲೆಂಡರಿನಲ್ಲಿ 60 ದಿನ ಬೇಕು.

ಸಂದೇಶದಲ್ಲಿ ಬರಬೇಕಾದದ್ದು ಈ ಎರಡು ಅಂಕಿ: ಸುಮಾರು 60 ದಿನ, ಅದರಲ್ಲಿ ಸುಮಾರು 40 ದಿನ ಹೊಲದ ಕೆಲಸ. ನಡುವಿನ 20 ದಿನವೇ ಜಗಳದ ಬೇರು.

ಖಾಲಿ 20 ದಿನದ ಕೂಲಿ

ಎರಡನೆಯ ಡ್ರೈವರ್ ಸೇರುವ ಮೊದಲು ಫೋನಿನಲ್ಲಿ ಕೇಳಿದ್ದ: "ಯಜಮಾನ್ರೇ, ಮಳೆ ಹಿಡ್ಕೊಂಡ್ರೆ ಹೆಂಗೆ?"

"ಅದೆಲ್ಲಾ ಆಮೇಲೆ ನೋಡೋಣ ಬಾರಪ್ಪ. ನಿಂಗೇನು ಅನ್ಯಾಯ ಮಾಡ್ತೀನಾ?"

ಯಜಮಾನರ ಮಾತಿನಲ್ಲಿ ಮೋಸ ಇರಲಿಲ್ಲ. ಅವರು ಸುತ್ತಮುತ್ತಲ ದರಕ್ಕಿಂತ ಹೆಚ್ಚಿನ ದಿನಗೂಲಿಯನ್ನೇ ಹೇಳಿದ್ದರು. ಆದರೆ ಓಡಿದ ದಿನಕ್ಕೆ ಮಾತ್ರ. ಮೊದಲ 19 ದಿನದಲ್ಲಿ ಏಳು ದಿನ ಮಳೆ ಹಿಡಿಯಿತು, 12 ದಿನದ ಕೂಲಿ ಕೈಗೆ ಬಂತು. ಅಷ್ಟರಲ್ಲಿ ಅವನಿಗೆ ಸಾಗಾಣಿಕೆಯ ಟ್ರೈಲರ್ ಓಡಿಸಲು ಕರೆ ಬಂತು. ಅಲ್ಲಿಯ ದಿನಗೂಲಿ ಇಲ್ಲಿಯದರ ಐದರಲ್ಲಿ ನಾಲ್ಕು ಪಾಲು, ಆದರೆ 60 ದಿನದಲ್ಲಿ 52 ದಿನ ಕೆಲಸ ಖಚಿತ. ಇಲ್ಲಿಯ ಕೂಲಿಯ ಅಳತೆಯಲ್ಲಿ ಅದು 41.6 ದಿನಗೂಲಿ. ಇಲ್ಲಿ ಸಿಗುವುದು ಎಲ್ಲ ಸರಿಹೋದರೆ 40. ವ್ಯತ್ಯಾಸ ದೊಡ್ಡದಲ್ಲ, ಆದರೆ ಅಲ್ಲಿ ಆಕಾಶ ನೋಡುತ್ತ ಕೂರಬೇಕಾಗಿಲ್ಲ. ಅವನು ಹೋದದ್ದರಲ್ಲಿ ಆಶ್ಚರ್ಯವೇನಿಲ್ಲ.

ಕೆಲಸ ಹುಡುಕುವವರು ಈ ಭಾಗಾಕಾರವನ್ನು ಮನಸ್ಸಿನಲ್ಲೇ ಮಾಡಿಕೊಳ್ಳುತ್ತಾರೆ: ಒಟ್ಟು ಸಿಗುವ ದುಡ್ಡು, ಭಾಗಿಸು ಕಟ್ಟಿಬಿದ್ದಿರುವ ದಿನ. ಯಜಮಾನರು ಹೇಳಿದ ದೊಡ್ಡ ದಿನಗೂಲಿ ಆ ಲೆಕ್ಕದಲ್ಲಿ ಮೂರರಲ್ಲಿ ಎರಡು ಪಾಲಾಗಿಬಿಟ್ಟಿತು. ದಿನಗೂಲಿ ಏರಿಸುವುದರಿಂದ ಇದು ಸರಿಹೋಗುವುದಿಲ್ಲ. ಒಳ್ಳೆಯ ಮಳೆಯ ವರ್ಷ ಸುಮ್ಮನೆ ಹೆಚ್ಚು ಕೊಟ್ಟಂತಾಗುತ್ತದೆ, ಮಳೆ ಬಿಡದೆ ಹೊಯ್ದ ವರ್ಷ ಅಷ್ಟು ಕೊಟ್ಟರೂ ಡ್ರೈವರ್ ಹೋಗುತ್ತಾನೆ.

ತಿದ್ದಿದ ವ್ಯವಸ್ಥೆ ಹೀಗಿತ್ತು. ಹೊಲದ ಕೆಲಸದ ದಿನಕ್ಕೆ ಪೂರ್ತಿ ಕೂಲಿ. ಹದ ಇಲ್ಲದ ದಿನ ಅರ್ಧ ಕೂಲಿ, ಆ ದಿನ ಬೇಕಾದರೆ ಅರ್ಧ ದಿನ ಶೆಡ್ಡಿನ ಕೆಲಸ: ಕೂರಿಗೆಯ ಕೊಳವೆ ಬಿಡಿಸುವುದು, ರೋಟಾವೇಟರಿನ ಬ್ಲೇಡ್ ನೋಡಿ ಸವೆದದ್ದನ್ನು ಬದಲಿಸುವುದು, ಏರ್ ಕ್ಲೀನರ್ ಸ್ವಚ್ಛ ಮಾಡುವುದು. ಬಿತ್ತನೆ ಮುಗಿದ ದಿನ ನಾಲ್ಕು ದಿನದ ಕೂಲಿ ಬೋನಸ್. 40, ಅರ್ಧ ಕೂಲಿಯ 20 ದಿನದಿಂದ 10, ಬೋನಸ್ 4. ಒಟ್ಟು 54. 60ರಿಂದ ಭಾಗಿಸಿದರೆ ದಿನಕ್ಕೆ 0.9 ಕೂಲಿ. ಸಾಗಾಣಿಕೆಯ ಕರೆ ಇನ್ನು ಆಕರ್ಷಣೆಯಲ್ಲ.

ಯಜಮಾನರಿಗೆ ಇದರ ಹೊರೆ 14 ದಿನದ ಕೂಲಿ. ಅದನ್ನು ತೂಗಬೇಕಾದದ್ದು ಡ್ರೈವರ್ ಹೋದಾಗ ಆಗುವ ನಷ್ಟದ ಎದುರು. ಬಿಟ್ಟು ಹೋದಾಗ ಬಿತ್ತನೆ ಇನ್ನೂ ಉಳಿದಿತ್ತು. ಹೊಸಬ ಸಿಗಲು ಒಂಬತ್ತು ದಿನ. ಎಲ್ಲರಿಗೂ ಒಟ್ಟಿಗೇ ಹದ ಬರುವುದರಿಂದ ಬಾಡಿಗೆ ಟ್ರ್ಯಾಕ್ಟರೂ ಸಿಗುವುದಿಲ್ಲ. ಮೇಲಿನ ಎರಡು ಮೂರು ಅಂಗುಲ ಒಣಗಿದ ಮೇಲೆ ಬಿತ್ತಿದ್ದು ಅಲ್ಲಲ್ಲಿ ಹುಟ್ಟುತ್ತದೆ, ಅಲ್ಲಲ್ಲಿ ಇಲ್ಲ. ಈ ಲೆಕ್ಕ ಕಣ್ಣಿಗೆ ಕಾಣುವುದು ಬೆಳೆ ಬಂದ ಮೇಲೆ, ಅರ್ಧ ಕೂಲಿ ಕಾಣುವುದು ಅದೇ ವಾರ. ಅದಕ್ಕೇ ಬಹಳ ಜನ ಅರ್ಧ ಕೂಲಿ ಉಳಿಸಲು ಹೋಗಿ ಬೆಳೆ ಕಳೆಯುತ್ತಾರೆ.

ಹದ ಇಲ್ಲದ ದಿನ ಎಂದು ನಿರ್ಧರಿಸುವವರು ಯಾರು ಎಂಬುದೂ ಮೊದಲೇ ಆಗಬೇಕು. ನಾಲ್ಕಾರು ಅಂಗುಲ ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ಬಿಟ್ಟಾಗ ಉಂಡೆ ಹೆಬ್ಬೆರಳಿನ ಒತ್ತಿಗೆ ಪುಡಿಯಾದರೆ ಹೊಲಕ್ಕೆ ಇಳಿಯಬಹುದು. ಅಂಟಿಕೊಂಡು ಹಿಟ್ಟಿನಂತೆ ಚಪ್ಪಟೆಯಾದರೆ ಇಳಿಯಬಾರದು. ಇಳಿದರೆ ಚಕ್ರದ ಕೆಳಗೆ ನೆಲ ಗಟ್ಟಿಯಾಗುತ್ತದೆ, ರೋಟಾವೇಟರ್ ಮಣ್ಣನ್ನು ಕಲಸಿ ಹೆಂಟೆ ಮಾಡಿ ಬಿಡುತ್ತದೆ. ಈ ಜಮೀನಿನಲ್ಲಿ ಗೊತ್ತು ಮಾಡಿಕೊಂಡದ್ದು: ಬೆಳಿಗ್ಗೆ ಎಂಟರೊಳಗೆ ಇಬ್ಬರೂ ನೋಡಿ ಹೇಳಬೇಕು. ಡ್ರೈವರ್‌ನನ್ನು ಮಧ್ಯಾಹ್ನದವರೆಗೆ ಕಾಯಿಸಿ ಆಮೇಲೆ ಬೇಡ ಎಂದರೆ ಪೂರ್ತಿ ಕೂಲಿ. ಟ್ರ್ಯಾಕ್ಟರ್ ಕೆಟ್ಟು ನಿಂತ ದಿನವೂ ಪೂರ್ತಿ ಕೂಲಿಯೇ, ಏಕೆಂದರೆ ಯಂತ್ರ ಯಜಮಾನರದ್ದು. ಇಷ್ಟೆಲ್ಲ ಸಂದೇಶದಲ್ಲಿ ಹಿಡಿಸುವುದಿಲ್ಲ, ಹಿಡಿಸಬೇಕಾಗಿಯೂ ಇಲ್ಲ. 'ಹದ ಇಲ್ಲದ ದಿನ ಅರ್ಧ ಕೂಲಿ' ಎಂಬ ಒಂದು ಸಾಲು ಸಾಕು, ಉಳಿದದ್ದು ಫೋನಿನಲ್ಲಿ.

ದಿನಕ್ಕೋ, ಎಕರೆಗೋ, ಮೀಟರಿಗೋ

ದಿನಗೂಲಿ ಕೊಟ್ಟರೆ ಮೈಗಳ್ಳತನ ಮಾಡುತ್ತಾರೆ, ಎಕರೆ ಲೆಕ್ಕ ಕೊಟ್ಟರೆ ಬೇಗ ಮುಗಿಯುತ್ತದೆ ಎಂದು ಯಜಮಾನರಿಗೆ ಅನಿಸಿತ್ತು. ಬೇಗ ಮುಗಿಯುವುದು ನಿಜ, ಹೇಗೆ ಮುಗಿಯುತ್ತದೆ ಎಂಬುದು ಬೇರೆ ಮಾತು. ರೋಟಾವೇಟರಿನ ಬ್ಲೇಡುಗಳು ತಿರುಗುವ ವೇಗ ಹೆಚ್ಚುಕಡಿಮೆ ಒಂದೇ ಇರುತ್ತದೆ. ಟ್ರ್ಯಾಕ್ಟರ್ ಮುಂದೆ ಓಡುವ ವೇಗ ಹೆಚ್ಚಾದಷ್ಟೂ ಪ್ರತಿ ಬ್ಲೇಡ್ ಕಚ್ಚುವ ಮಣ್ಣಿನ ತುಂಡು ದೊಡ್ಡದಾಗುತ್ತದೆ. ಮೂರೂವರೆ ಕಿಲೋಮೀಟರ್ ಬದಲು ಆರರಲ್ಲಿ ಓಡಿಸಿದರೆ ಹೊಲ ಮುಗಿದಂತೆ ಕಾಣುತ್ತದೆ, ಹೆಂಟೆ ಉಳಿದಿರುತ್ತದೆ. ಕೂರಿಗೆಯಲ್ಲಿ ಇನ್ನೂ ಕಷ್ಟ. ಬೀಜ ಬಿಡುವ ಗಾಲಿ ನೆಲದ ಮೇಲೆ ಉರುಳಿಯೇ ಬೀಜದ ಪೆಟ್ಟಿಗೆಯನ್ನು ನಡೆಸುತ್ತದೆ. ವೇಗ ಹೆಚ್ಚಿ ಗಾಲಿ ಕುಣಿಯತೊಡಗಿದರೆ ಅಷ್ಟಷ್ಟು ದೂರಕ್ಕೆ ಬೀಜವೇ ಬೀಳುವುದಿಲ್ಲ. ಇದು ಗೊತ್ತಾಗುವುದು ವಾರ ಕಳೆದು ಮೊಳಕೆ ಬಂದಾಗ, ಅಷ್ಟರಲ್ಲಿ ಎಕರೆ ಲೆಕ್ಕದ ದುಡ್ಡು ಕೊಟ್ಟಾಗಿರುತ್ತದೆ. ಗೊಬ್ಬರದ ಲೋಡಿಗೆ ಲೆಕ್ಕದ ಮೇಲೆ ಕೊಡಬಹುದು. ಬಿತ್ತನೆಗೆ ಬೇಡ.

ಎಂಜಿನ್ ಎಷ್ಟು ಗಂಟೆ ಓಡಿತೆಂದು ತೋರಿಸುವ ಗಂಟೆ ಮೀಟರಿನ ಮೇಲೆ ಕೂಲಿ ಎಂಬುದು ನ್ಯಾಯವಾಗಿ ಕಾಣುತ್ತದೆ, ಅದಕ್ಕೂ ಒಂದು ಒಳಗುಟ್ಟಿದೆ. ಹಳೆಯ ಟ್ರ್ಯಾಕ್ಟರುಗಳಲ್ಲಿ ಇರುವ ಯಾಂತ್ರಿಕ ಮೀಟರ್ ಎಣಿಸುವುದು ಸಮಯವನ್ನಲ್ಲ, ಎಂಜಿನ್ನಿನ ಸುತ್ತುಗಳನ್ನು. ಮೀಟರನ್ನು ನಿಮಿಷಕ್ಕೆ 1500 ಸುತ್ತಿಗೆ ಕೂಡಿಸಿದ್ದರೆ, ಎಂಜಿನ್ 1500ರಲ್ಲಿ ಓಡಿದಾಗ ಮಾತ್ರ ಮೀಟರಿನ ಗಂಟೆ ಗಡಿಯಾರದ ಗಂಟೆಗೆ ಸರಿಹೋಗುತ್ತದೆ. 750ರಲ್ಲಿ ನಿಂತು ಓಡಿದರೆ ಎರಡು ಗಂಟೆ ಕಳೆದರೂ ಮೀಟರ್ ಒಂದು ಗಂಟೆ ತೋರಿಸುತ್ತದೆ. ಆಕ್ಸಿಲರೇಟರ್ ಕಡಿಮೆ ಇಟ್ಟು ಡೀಸೆಲ್ ಉಳಿಸುವ ಡ್ರೈವರ್‌ಗೆ ಕಡಿಮೆ ಕೂಲಿ, ಸುಮ್ಮನೆ ಎಂಜಿನ್ ಕೂಗಿಸುವವನಿಗೆ ಹೆಚ್ಚು. ಹೊಸ ವಿದ್ಯುತ್ ಮೀಟರುಗಳಲ್ಲಿ ಉಲ್ಟಾ: ಎಂಜಿನ್ ನಿಂತಲ್ಲೇ ಗುಡುಗುಡಿಸಿದರೂ ಪೂರ್ತಿ ಗಂಟೆ ಓಡುತ್ತದೆ. ಎರಡು ಬಗೆಯ ಮೀಟರೂ ಆಯಿಲ್ ಬದಲಿಸುವ ಸಮಯ ನೋಡಲು ಚೆನ್ನಾಗಿವೆ, ಕೂಲಿ ಅಳೆಯಲು ಅಲ್ಲ. ಡೀಸೆಲ್ ಹಾಕಿದಾಗಲೆಲ್ಲ ಲೀಟರನ್ನೂ ಮೀಟರನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಕಳವಿನ ಅನುಮಾನಕ್ಕೂ ಇಂಜೆಕ್ಟರ್ ಕೆಟ್ಟಿದ್ದಕ್ಕೂ ಅದೇ ಪುಸ್ತಕ ಉತ್ತರ ಹೇಳುತ್ತದೆ.

ಕೊನೆಗೆ ಉಳಿದದ್ದು ದಿನಗೂಲಿ, ಒಂಬತ್ತು ಗಂಟೆಗೆ. ಹದ ತಪ್ಪೀತೆಂದು ಸಂಜೆ ದೀಪ ಹಾಕಿ ಬಿತ್ತಿದರೆ ಹೆಚ್ಚುವರಿ ಗಂಟೆಗೆ ಒಂದೂವರೆ ಪಾಲು. ವಾರಕ್ಕೊಮ್ಮೆ ಬಟವಾಡೆ, ದಿನ ಹೇಳಿ. ಬೋನಸ್ಸನ್ನು ದುಡಿದ ಕೂಲಿಯಿಂದ ಹಿಡಿದಿಟ್ಟುಕೊಂಡು ಕೊನೆಗೆ ಕೊಡುವವರಿದ್ದಾರೆ. ಅದು ಬೋನಸ್ ಅಲ್ಲ, ಅವನದೇ ದುಡ್ಡಿನ ಒತ್ತೆ. ಕೂಲಿಯ ಮೇಲೆ ಹೆಚ್ಚಿನದಾಗಿದ್ದರೆ ಮಾತ್ರ ಜನ ಅದಕ್ಕೆ ಬೆಲೆ ಕೊಡುತ್ತಾರೆ. ಯಜಮಾನರೇ ಮಧ್ಯದಲ್ಲಿ ಕೆಲಸ ನಿಲ್ಲಿಸಿದರೆ ಅಷ್ಟು ದಿನದ ಪಾಲನ್ನು ಕೊಡುವುದು ಎಂದೂ ಇಲ್ಲಿ ಒಪ್ಪಿಕೊಂಡರು.

ಮನೆ ಎಂದರೆ ಯಾವ ಮನೆ

ಮೂರನೆಯವನಿಗೆ ತೋರಿಸಿದ ಕೋಣೆ 12 ಅಡಿಗೆ 10 ಅಡಿ. ಒಂದು ಬಲ್ಬು, ಒಂದು ಕಿಟಕಿ, ಪಕ್ಕದಲ್ಲಿ ಡೀಸೆಲ್ ಡ್ರಮ್ಮು. ಗೋಡೆಯ ಗೂಡಿನಲ್ಲಿ ಹೋದ ವರ್ಷದ ಕ್ರಿಮಿನಾಶಕದ ಡಬ್ಬಗಳು ಇನ್ನೂ ಇದ್ದವು. ನೆಲದ ಮೇಲೆ ಚೆಲ್ಲಿ ಒಣಗಿದ ಬಿಳಿ ಕಲೆ. ಒಂಟಿ ಗಂಡಸು ಹೇಗೋ ಹೊಂದಿಕೊಂಡಾನು ಎಂದು ಯಜಮಾನರು ಎಣಿಸಿದ್ದರು. ಆ ಹೆಣ್ಣುಮಗಳು ಬಾಗಿಲಲ್ಲೇ ನಿಂತು, ಸ್ನಾನದ ಮನೆ ಎಲ್ಲಿ ಎಂದು ಕೇಳಿದಳು. ಮರುದಿನ ಬೆಳಿಗ್ಗೆ ಅವರು ಇರಲಿಲ್ಲ.

ಔಷಧಿ ಇಟ್ಟ ಕೋಣೆಗೆ ಸುಣ್ಣ ಬಳಿದ ಮಾತ್ರಕ್ಕೆ ಅದು ಮಲಗುವ ಜಾಗ ಆಗುವುದಿಲ್ಲ. ಯಜಮಾನರು ಹಳೆಯ ಕಣದ ಮನೆಯನ್ನು ಸರಿ ಮಾಡಿಸಿದರು, ಔಷಧಿಯನ್ನೂ ಡೀಸೆಲ್ಲನ್ನೂ ಬೀಗ ಇರುವ ಬೇರೆ ಕಟ್ಟಡಕ್ಕೆ ಸಾಗಿಸಿದರು. ಸಂದೇಶಕ್ಕೆ ಬೇಕಾದದ್ದು ಅಷ್ಟು ವಿವರವಲ್ಲ, ನಾಲ್ಕೇ ಸಂಗತಿ: ಎಷ್ಟು ಕೋಣೆ, ಎಷ್ಟು ಜನಕ್ಕೆ, ನೀರು-ಕರೆಂಟು-ಶೌಚಾಲಯ ಇದೆಯೋ ಇಲ್ಲವೋ, ಬಾಡಿಗೆ ಕೂಲಿಯಲ್ಲಿ ಮುರಿಯುತ್ತಾರೋ ಇಲ್ಲವೋ. ಕೊನೆಯದನ್ನು ಬರೆಯದಿದ್ದರೆ ಮೊದಲ ಬಟವಾಡೆಯ ದಿನವೇ ಮನಸ್ತಾಪ. ಮುರಿಯುವುದಾದರೆ ಕೂಲಿಯ ಅಂಕಿಯ ಪಕ್ಕದಲ್ಲೇ ಆ ಅಂಕಿಯೂ ಇರಬೇಕು. ಮುರಿದ ಮೇಲೆ ಉಳಿಯುವುದು ಆಯಾ ಪ್ರದೇಶದ ಕನಿಷ್ಠ ಕೂಲಿ ನಿಯಮಕ್ಕೆ ಸರಿಹೋಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಯಜಮಾನರ ಜವಾಬ್ದಾರಿ.

ಮನೆಗೆ ಅಂಟಿಕೊಂಡು ಬರುವ ಇನ್ನೊಂದು ಕೆಲಸವಿದೆ, ಅದನ್ನು ಯಾರೂ ಬರೆಯುವುದಿಲ್ಲ. ಡ್ರೈವರ್ ಶೆಡ್ಡಿನ ಹತ್ತಿರ ಮಲಗುತ್ತಾನೆ ಎಂದಾಗ ರಾತ್ರಿ ಕರೆಂಟು ಬಂದರೆ ಪಂಪ್ ಹಾಕುವುದು, ದನ ಬಂದರೆ ಓಡಿಸುವುದು, ಬ್ಯಾಟರಿ ಕದಿಯದಂತೆ ನೋಡಿಕೊಳ್ಳುವುದು ಎಲ್ಲ ಒಂದೊಂದಾಗಿ ಅವನ ತಲೆಗೆ ಬರುತ್ತದೆ. ರಾತ್ರಿ ಎರಡು ಸಲ ಎದ್ದವನು ಬೆಳಿಗ್ಗೆ ಟ್ರ್ಯಾಕ್ಟರ್ ಸೀಟಿನ ಮೇಲೆ ತೂಕಡಿಸುತ್ತಾನೆ, ಎಂಜಿನ್ನಿನ ಶಕ್ತಿಯನ್ನು ಉಪಕರಣಕ್ಕೆ ಮುಟ್ಟಿಸುತ್ತ ತಿರುಗುವ ಪಿ.ಟಿ.ಒ. ಶಾಫ್ಟ್ ಬೆನ್ನ ಹಿಂದಿರುವಾಗ ಇದು ಚಿಕ್ಕ ವಿಷಯವಲ್ಲ. ಕಾವಲು ಬೇಕಾದರೆ ಅದಕ್ಕೆ ಬೇರೆ ಜನ ಅಥವಾ ಬೇರೆ ದುಡ್ಡು. ಬೇಡವಾದರೆ 'ರಾತ್ರಿ ಕೆಲಸ ಇಲ್ಲ' ಎಂದು ಬರೆಯಬಹುದು. ಆ ಮೂರು ಪದಕ್ಕೆ ಒಳ್ಳೆಯ ಡ್ರೈವರ್‌ಗಳು ಕಿವಿಗೊಡುತ್ತಾರೆ.

ಕೆಲಸ ಮುಗಿದ ಮೇಲೆ ಮನೆ ಎಷ್ಟು ದಿನ ಎಂಬುದೂ ಇರಲಿ. ಇಲ್ಲಿ ಒಂದು ವಾರ ಎಂದು ಇಟ್ಟರು.

ಡ್ರೈವರೋ, ಮೇಸ್ತ್ರಿಯೋ

'ಡ್ರೈವರ್ ಅಥವಾ ಸೂಪರ್‌ವೈಸರ್' ಎಂಬ ಮಾತಿನ ಹಿಂದೆ ಒಂದು ಆಸೆ ಇತ್ತು: ಒಬ್ಬನೇ ಬಂದು ಎರಡೂ ನೋಡಿಕೊಳ್ಳಲಿ. ಮೇಲ್ವಿಚಾರಣೆ ಎಂದರೆ ಬೆಳಿಗ್ಗೆ ಆಳುಗಳ ಹಾಜರಿ, ಕೆಲಸ ಹಂಚುವುದು, ಬೀಜ ಗೊಬ್ಬರ ಅಳೆದು ಕೊಡುವುದು, ಸಂಜೆ ಲೆಕ್ಕ. ಇವೆಲ್ಲ ನಡೆಯುವ ಹೊತ್ತೂ ಟ್ರ್ಯಾಕ್ಟರಿಗೆ ಬೇಕಾದ ಹೊತ್ತೂ ಒಂದೇ. ಹತ್ತು ಹನ್ನೆರಡು ಆಳು ಇರುವ ದಿನ ಮೇಸ್ತ್ರಿ ಕೆಲಸವನ್ನೂ ಹೊತ್ತವನು ಆರು ಗಂಟೆ ಓಡಿಸಲಾರ, ನಾಲ್ಕು ಗಂಟೆ ಓಡಿಸಿಯಾನು. 240 ಗಂಟೆಯನ್ನು ನಾಲ್ಕರಿಂದ ಭಾಗಿಸಿದರೆ 60 ಕೆಲಸದ ದಿನ, ಮಳೆ ಸೇರಿ 90 ದಿನ. ಬಿತ್ತನೆ ಅಷ್ಟು ಕಾಯುವುದಿಲ್ಲ.

ಹಾಗಾಗಿ ಈ ಜಮೀನಿಗೆ ಬೇಕಾಗಿದ್ದದ್ದು ಡ್ರೈವರ್. ಹಾಜರಿ ಯಜಮಾನರೇ ನೋಡಬೇಕು. ದೊಡ್ಡ ಜಮೀನು, ಎರಡು ಮೂರು ಟ್ರ್ಯಾಕ್ಟರ್, ದಿನವೂ ಆಳು ಇರುವ ಕಡೆ ಮೇಲ್ವಿಚಾರಕನನ್ನೇ ಬೇರೆಯಾಗಿ ಕರೆಯಬೇಕು. ಅವನ ಕೂಲಿ ತಿಂಗಳ ಲೆಕ್ಕ, ಹದ ಇರಲಿ ಬಿಡಲಿ, ಏಕೆಂದರೆ ಅವನ ಕೆಲಸ ಮಳೆಗೆ ನಿಲ್ಲುವುದಿಲ್ಲ. ಎರಡು ಹುದ್ದೆಗೆ ಎರಡು ಸಂದೇಶ.

ತಿದ್ದಿದ ಸಂದೇಶ

"ಟ್ರ್ಯಾಕ್ಟರ್ ಡ್ರೈವರ್ ಒಬ್ಬರು ಬೇಕು. 60 ಎಕರೆ ಮಳೆಯಾಶ್ರಿತ ಜಮೀನು, 50 ಅಶ್ವಶಕ್ತಿ ಟ್ರ್ಯಾಕ್ಟರ್. ಕಲ್ಟಿವೇಟರ್, ರೋಟಾವೇಟರ್, ಕೂರಿಗೆ ಕೆಲಸ ಬರಬೇಕು. ಟ್ರ್ಯಾಕ್ಟರ್ ಲೈಸೆನ್ಸ್ ಇರಬೇಕು. ಗೊಬ್ಬರ ಸಾಗಣೆಯಿಂದ ಬಿತ್ತನೆ ಮುಗಿಯುವವರೆಗೆ, ____ ತಾರೀಖಿನಿಂದ ಸುಮಾರು 60 ದಿನ. ಅದರಲ್ಲಿ ಸುಮಾರು 40 ದಿನ ಹೊಲದ ಕೆಲಸ. ದಿನಗೂಲಿ ____ (9 ಗಂಟೆ), ಹದ ಇಲ್ಲದ ದಿನ ಅರ್ಧ ಕೂಲಿ, ವಾರಕ್ಕೊಮ್ಮೆ ಬಟವಾಡೆ. ಬಿತ್ತನೆ ಮುಗಿಸಿದರೆ 4 ದಿನದ ಕೂಲಿ ಬೋನಸ್. ಜಮೀನಿನಲ್ಲಿ ಎರಡು ಕೋಣೆಯ ಮನೆ, ನೀರು, ಕರೆಂಟು, ಶೌಚಾಲಯ ಇದೆ, ಬಾಡಿಗೆ ಇಲ್ಲ, ಕುಟುಂಬ ಬರಬಹುದು. ರಾತ್ರಿ ಕೆಲಸ ಇಲ್ಲ. ಫೋನ್ ಮಾಡುವಾಗ ಯಾವ ಕೂರಿಗೆಯಲ್ಲಿ ಯಾವ ಬೆಳೆ ಬಿತ್ತಿದ್ದೀರಿ ಹೇಳಿ."

ಮೊದಲಿನದಕ್ಕಿಂತ ಉದ್ದ, ಆದರೂ ಫೋನಿನ ಪರದೆಯೊಂದರಲ್ಲಿ ಮುಗಿಯುತ್ತದೆ. ಖಾಲಿ ಬಿಟ್ಟ ಜಾಗದಲ್ಲಿ ತಾರೀಖೂ ಮೊತ್ತವೂ ಇರಲೇಬೇಕು. 'ಸಂಬಳ ಮಾತಾಡಿಕೊಳ್ಳೋಣ' ಎಂದು ಬರೆದರೆ ಬೇರೆ ಕಡೆ ಕೆಲಸ ಇರುವ ಒಳ್ಳೆಯವರು ಫೋನೇ ಮಾಡುವುದಿಲ್ಲ. ಎಲ್ಲೂ ಸಿಗದವರು ಮಾಡುತ್ತಾರೆ. ಕೊನೆಯ ಸಾಲಿನ ಪ್ರಶ್ನೆ ಮೊದಲನೆಯವನಂಥವರನ್ನು ಫೋನಿನಲ್ಲೇ ಬೇರ್ಪಡಿಸಲೆಂದು ಇಟ್ಟದ್ದು. ಬಿತ್ತಿ ಗೊತ್ತಿರುವವನು ಬೆಳೆಯ ಹೆಸರಿನ ಜೊತೆಗೆ ಸಾಲಿನ ಅಂತರ, ಎಕರೆಗೆ ಬೀಜ ಎಷ್ಟು ಎಂದು ತಾನಾಗಿಯೇ ಹೇಳಲು ಶುರು ಮಾಡುತ್ತಾನೆ. ಗೊತ್ತಿಲ್ಲದವನು "ಎಲ್ಲಾ ಓಡಿಸಿದೀನಿ ಸಾರ್" ಎನ್ನುತ್ತಾನೆ.

ಒಂದು ಬೆಳಗಿನ ಪರೀಕ್ಷೆ

ಫೋನಿನಲ್ಲಿ ಸರಿಬಂದವನನ್ನು ಒಂದು ದಿನಕ್ಕೆ ಕರೆಸಿ, ಆ ದಿನದ ಪೂರ್ತಿ ಕೂಲಿ ಕೊಟ್ಟು, ಕೆಲಸ ನೋಡಬೇಕು. ಪುಕ್ಕಟೆ ಪರೀಕ್ಷೆಗೆ ಒಳ್ಳೆಯ ಡ್ರೈವರ್ ಬರುವುದಿಲ್ಲ. ಹೊಲಕ್ಕೆ ಇಳಿಯುವ ಮೊದಲೇ ಅರ್ಧ ಗೊತ್ತಾಗಿಬಿಡುತ್ತದೆ. ಕೀ ಕೊಟ್ಟ ಕೂಡಲೇ ಸ್ಟಾರ್ಟ್ ಮಾಡುತ್ತಾನೋ, ಡಿಪ್‌ಸ್ಟಿಕ್ ಎಳೆದು ಒರೆಸಿ ಮತ್ತೆ ಹಾಕಿ ಆಯಿಲ್ ನೋಡುತ್ತಾನೋ? ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ನೀರು ನೋಡುತ್ತಾನೋ?

ಆಮೇಲೆ ಕೂರಿಗೆ ಕಟ್ಟಲು ಹೇಳಬೇಕು. ಬಲ್ಲವನು ಟ್ರ್ಯಾಕ್ಟರನ್ನು ನೆಟ್ಟಗೆ ಹಿಂದಕ್ಕೆ ತಂದು ಮೊದಲು ಎಡಗಡೆಯ ಕೆಳತೋಳು ಸೇರಿಸುತ್ತಾನೆ, ಆಮೇಲೆ ಬಲಗಡೆಯದು, ಕೊನೆಗೆ ಮೇಲಿನ ತೋಳು, ಅಂದರೆ ಟಾಪ್ ಲಿಂಕ್. ಬಲಗಡೆಯ ತೋಳಿಗೆ ಎತ್ತರ ಹೊಂದಿಸುವ ಹಿಡಿ ಇರುವುದರಿಂದ ಈ ಕ್ರಮ. ಬಿಚ್ಚುವಾಗ ಇದರ ತಿರುವು. ಕಟ್ಟಿದ ಮೇಲೆ ಹಿಂದೆ ನಿಂತು ಉಪಕರಣ ಮಟ್ಟವಾಗಿದೆಯೇ ಎಂದು ನೋಡುತ್ತಾನೆ. ಅದನ್ನು ನೋಡದೆ ಹೊರಟರೆ ಒಂದು ಬದಿಯ ಬೀಜ ಆಳಕ್ಕೆ, ಇನ್ನೊಂದು ಬದಿಯದು ಮೇಲೆಯೇ ಬೀಳುತ್ತದೆ. ಓಡಿಸುವಾಗ ಎಡಗಾಲು ಕ್ಲಚ್ ಪೆಡಲ್ ಮೇಲೇ ಕೂತಿದ್ದರೆ ಸೀಸನ್ ಮುಗಿಯುವುದರೊಳಗೆ ಕ್ಲಚ್ ಪ್ಲೇಟಿಗೆ ಖರ್ಚು ಬರುತ್ತದೆ ಎಂದು ತಿಳಿಯಬೇಕು. ಮಡ್‌ಗಾರ್ಡ್ ಮೇಲೆ ಯಾರನ್ನಾದರೂ ಕೂರಿಸಿಕೊಂಡರೆ ಅಲ್ಲಿಗೆ ಪರೀಕ್ಷೆ ಮುಗಿಯಿತು, ಉಳಿದದ್ದು ಎಷ್ಟೇ ಚೆನ್ನಾಗಿರಲಿ.

ವೇಗದ ಬಗ್ಗೆ ಬಾಯಿ ಬಿಡದೆ ನೋಡುವುದು ವಾಸಿ. ಕೂರಿಗೆ ಇಳಿಸಿದ ಮೇಲೆ ನೂರು ಹೆಜ್ಜೆ ಓಡಿಸಿ, ತಾನೇ ಇಳಿದು ಹಿಂದೆ ಬಂದು, ಸಾಲು ಕೆದಕಿ ಬೀಜ ಬಿದ್ದಿದೆಯೇ ಎಂದು ನೋಡುವವನು ಸಿಕ್ಕರೆ ಇನ್ನೊಬ್ಬನಿಗಾಗಿ ಕಾಯಬೇಕಾಗಿಲ್ಲ. ಈ ಜಮೀನಿಗೆ ಸಿಕ್ಕಿದ ನಾಲ್ಕನೆಯ ಮನುಷ್ಯ ಕೂರಿಗೆ ಕಟ್ಟುವಾಗ ತಡಬಡಿಸಿದ, ಟಾಪ್ ಲಿಂಕನ್ನು ಎರಡು ಸಲ ಬಿಚ್ಚಿ ಹಾಕಿದ. ಆದರೆ ಇಳಿದು ಸಾಲು ಕೆದಕಿದ, ಒಂದು ಕೊಳವೆ ಕಟ್ಟಿಕೊಂಡದ್ದನ್ನು ಕಂಡುಹಿಡಿದ. ಅವನನ್ನೇ ಇಟ್ಟುಕೊಂಡರು.

ಮಾತಾದದ್ದನ್ನೆಲ್ಲ ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಮಾಡಿ ಒಂದೊಂದು ಪ್ರತಿ ಇಟ್ಟುಕೊಂಡರು. ಮುಂಗಡ ಕೊಟ್ಟದ್ದು ಎಷ್ಟು, ವಾರಕ್ಕೆ ಎಷ್ಟರಂತೆ ಮುರಿಯುವುದು ಎಂಬುದೂ ಅದರಲ್ಲೇ ಇತ್ತು. ಅದೇ ದಿನ ಸಂಜೆ ಸಂದೇಶ ಕಳಿಸಿದ ಎಲ್ಲರಿಗೂ "ಡ್ರೈವರ್ ಸಿಕ್ಕಿದ್ದಾರೆ, ಇನ್ನು ಬರುವುದು ಬೇಡ" ಎಂದು ಮತ್ತೊಂದು ಸಾಲು ಹೋಯಿತು. ಮೊದಲ ಸಂದೇಶ ಕೈಯಿಂದ ಕೈಗೆ ಹೋಗುತ್ತಲೇ ಇರುತ್ತದೆ. ಈ ಎರಡನೆಯದು ಹೋಗದಿದ್ದರೆ ವಾರ ಕಳೆದ ಮೇಲೂ ಬಸ್ಸಿನ ಖರ್ಚು ಮಾಡಿಕೊಂಡು ಗೇಟಿಗೆ ಬರುವವರು ಇರುತ್ತಾರೆ.